ಮೊದಲು ತಾರೀಖು ಕೇಳಿ

ಪುಣೆಯ ಕಾನೂನು ಕಾಲೇಜೊಂದರಲ್ಲಿ ಕಕ್ಷಿದಾರರಿಗೆ ಸಲಹೆ ಕೊಡುವ ಪರೀಕ್ಷೆಗೆ ಕಳೆದ ತಿಂಗಳು ನಾನು ಪರೀಕ್ಷಕನಾಗಿದ್ದೆ. ಕಕ್ಷಿದಾರನ ಪಾತ್ರಧಾರಿ ಹೇಳಿದ ಕಥೆ ಇದು: ಫ್ರಿಜ್ ಕೊಂಡಿದ್ದು ಹುಬ್ಬಳ್ಳಿಯಲ್ಲಿ, 2023ರ ಜೂನ್‌ನಲ್ಲಿ, 32,000 ರೂಪಾಯಿಗೆ. ಈಗ ವಾಸ, ಕೆಲಸ ಎರಡೂ ಪುಣೆಯಲ್ಲಿ. ಕಂಪ್ರೆಸರ್ ಕೆಟ್ಟಿದ್ದು 2024ರ ಮಾರ್ಚ್ 10ರಂದು, ವಾರಂಟಿ ಇರುವಾಗಲೇ. ಸಲಹೆಗೆ ಬಂದದ್ದು 2026ರ ಫೆಬ್ರುವರಿಯಲ್ಲಿ.

ಹೆಚ್ಚಿನವರು ಎರಡು ಕಡೆ ಎಡವಿದರು. 'ಹುಬ್ಬಳ್ಳಿಗೇ ಹೋಗಬೇಕು' ಎಂದರು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರ ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಖರೀದಿಯ ದಿನದಿಂದ ಎಣಿಸಿ 'ಅವಧಿ ಮುಗಿದಿದೆ' ಎಂದೂ ಹೇಳಿದರು. 69ನೇ ಕಲಂ ಕೊಡುವ ಎರಡು ವರ್ಷ ಶುರುವಾಗುವುದು ದೂರಿಗೆ ಕಾರಣ ಹುಟ್ಟಿದಾಗ. ಇಲ್ಲಿ ಅದನ್ನು ದೋಷ ಕಂಡ ದಿನದಿಂದ ಎಣಿಸುವುದೇ ಕ್ಷೇಮ. ಅಂದರೆ ಉಳಿದಿರುವುದು ಕೆಲವೇ ವಾರ.

ಕಂಪನಿಯೊಂದಿಗಿನ ಇಮೇಲ್ ಮಾತುಕತೆ ಈ ಗಡುವನ್ನು ನಿಲ್ಲಿಸುವುದಿಲ್ಲ. ತಡವಾದರೆ ಆಯೋಗಕ್ಕೆ ಒಪ್ಪುವಂಥ ಕಾರಣ ಕೊಡಬೇಕು. ಅದಕ್ಕೇ, ಕಲಂ ಬಾಯಿಪಾಠ ಒಪ್ಪಿಸಿದವರಿಗಿಂತ 'ಯಾವತ್ತು ಕೆಟ್ಟಿತು? ಸರ್ವಿಸ್ ಚೀಟಿ ಇದೆಯೇ?' ಎಂದು ಮೊದಲು ಕೇಳಿದ ಹುಡುಗಿಗೆ ನಾನು ಹೆಚ್ಚು ಅಂಕ ಕೊಟ್ಟೆ. ಊರಲ್ಲಿ ಕೊಂಡು ಪರವೂರಿಗೆ ಸಾಗಿಸುವ ನಾವೂ ಆ ಚೀಟಿಯನ್ನು ಬಿಲ್ಲಿನ ಜೊತೆ ಎತ್ತಿಡಬೇಕು.