ಶಾಲಿನ ಫೋಟೋ ಸಾಕು, ಮಗು ಓದಿದ ಲೆಕ್ಕ ಕೊಡಿ ಮೇಷ್ಟ್ರೇ

ಸೆಪ್ಟೆಂಬರ್ 5 ಹತ್ತಿರ ಬರುತ್ತಿದ್ದಂತೆ ನಮ್ಮ ಜಿಲ್ಲೆಯ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಉತ್ತಮ ಶಿಕ್ಷಕ ಪ್ರಶಸ್ತಿಗೆ ಅರ್ಜಿ ಹಾಕುವ ಮೇಷ್ಟ್ರುಗಳು, ಟೀಚರುಗಳು ದಪ್ಪ ದಪ್ಪ ಫೈಲು ಹಿಡಿದು ಸಾಲಾಗಿ ನಿಂತಿರುತ್ತಾರೆ. ಫೈಲು ಬಿಚ್ಚಿದರೆ ಮೊದಲು ಸಿಗುವುದು ಶಾಲು ಹೊದಿಸಿಕೊಂಡ ಫೋಟೋ. ಆಮೇಲೆ ಹಾರ ಹಾಕಿಸಿಕೊಂಡ ಫೋಟೋ. ಅದರ ಹಿಂದೆ ಸಂಘ ಸಂಸ್ಥೆಗಳ ಸನ್ಮಾನ ಪತ್ರ, ತರಬೇತಿಗೆ ಹೋಗಿಬಂದ ಸರ್ಟಿಫಿಕೇಟು, ಪತ್ರಿಕೆಯ ಕಟಿಂಗು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆ ಕಟಿಂಗುಗಳಲ್ಲಿ ನಮ್ಮ ಪತ್ರಿಕೆಯವೂ ಇರುತ್ತವೆ.

ಇಷ್ಟೆಲ್ಲ ಇರುವ ಫೈಲಿನಲ್ಲಿ ಒಂದು ಹಾಳೆ ಮಾತ್ರ ಹುಡುಕಿದರೂ ಸಿಗುವುದಿಲ್ಲ. ನೀವು ತರಗತಿಯಲ್ಲಿ ಹೊಸದಾಗಿ ಏನು ಮಾಡಿದಿರಿ, ಅದರಿಂದ ಯಾವ ಮಗು ಎಲ್ಲಿಂದ ಎಲ್ಲಿಗೆ ಬಂತು ಎಂದು ಹೇಳುವ ಹಾಳೆ. ಇದ್ದರೂ ಅದರಲ್ಲಿ ಒಂದೇ ಸಾಲು: "ನವೀನ ಚಟುವಟಿಕೆಗಳ ಮೂಲಕ ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಅವಿರತ ಶ್ರಮಿಸಿರುತ್ತೇನೆ." ಈ ಸಾಲನ್ನು ಯಾವ ಮೇಷ್ಟ್ರ ಅರ್ಜಿಗೆ ಬೇಕಾದರೂ ಅಂಟಿಸಬಹುದು. ಎಲ್ಲರಿಗೂ ಒಪ್ಪುವ ಮಾತು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ.

ರಾಷ್ಟ್ರ ಮಟ್ಟದ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. ಬಹುಕಾಲ ಹೆಸರುಗಳು ಸರ್ಕಾರದ ಕಡೆಯಿಂದಲೇ ಮೇಲಕ್ಕೆ ಹೋಗುತ್ತಿದ್ದವು. 2018ರಲ್ಲಿ ಕ್ರಮ ಬದಲಾಗಿ, ಶಿಕ್ಷಕರೇ ತಮ್ಮ ಹೆಸರು ಸೂಚಿಸಿಕೊಂಡು, ಮಾಡಿದ ಕೆಲಸದ ವಿವರ, ದಾಖಲೆ ಸಮೇತ ಕಂಪ್ಯೂಟರಿನಲ್ಲಿ ತುಂಬುವುದು ಬಂತು. ಹೀಗಾದ ಮೇಲೆ ಎಲ್ಲ ಭಾರವೂ ಆ ಬರವಣಿಗೆಯ ಮೇಲೆ ಬಿತ್ತು. ಬರೆಯಲು ಬಂದವನು ಗೆದ್ದ. ನಿಜವಾಗಿ ಕೆಲಸ ಮಾಡಿ ಬರೆಯಲು ಬಾರದವನು ಊರಲ್ಲೇ ಉಳಿದ. ಆದ್ದರಿಂದ ಈ ಸಾರಿ ಆ ಒಂದು ಹಾಳೆಯ ಬಗ್ಗೆಯೇ ಮಾತಾಡೋಣ.

ಸುಮ್ಮನೆ ಉಪದೇಶ ಮಾಡುವುದಕ್ಕಿಂತ ಒಂದು ಉದಾಹರಣೆ ಕಟ್ಟಿ ನೋಡೋದು ಮೇಲು. ಒಂದು ಹಳ್ಳಿಯ ಸರ್ಕಾರಿ ಶಾಲೆ. ನಾಲ್ಕನೇ ಕ್ಲಾಸು, 22 ಮಕ್ಕಳು, ಒಬ್ಬ ಟೀಚರಮ್ಮ. ಶಾಲೆಯೂ ಅಂಕಿಗಳೂ ನಾವು ಕಟ್ಟಿಕೊಂಡವು, ಆದರೆ ಇಂಥ ಕ್ಲಾಸು ನೋಡದ ಮೇಷ್ಟ್ರು ಯಾರೂ ಇರಲಾರರು.

ಜೂನ್ ಮೂರನೇ ವಾರದಲ್ಲಿ ಟೀಚರಮ್ಮ ಒಂದೊಂದೇ ಮಗುವನ್ನು ಪಕ್ಕಕ್ಕೆ ಕರೆದು ಓದಿಸುತ್ತಾರೆ. ಒಬ್ಬರಿಗೆ ಮೂರು ನಿಮಿಷ ಸಾಕು. ಐದು ಮೆಟ್ಟಿಲು: ಅಕ್ಷರವೇ ಗೊತ್ತಿಲ್ಲದವರು, ಅಕ್ಷರ ಗುರುತಿಸುವವರು, ಬಿಡಿ ಪದ ಓದುವವರು, ನಾಲ್ಕು ಸಾಲು ಓದುವವರು, ಪುಟ್ಟ ಕಥೆ ಓದುವವರು. 2005ರಿಂದ ಹಳ್ಳಿಹಳ್ಳಿ ಸುತ್ತಿದ ಅಸರ್ ಸಮೀಕ್ಷೆಯವರು ಮಕ್ಕಳ ಓದು ನೋಡಿದ್ದು ಇಂಥ ಮೆಟ್ಟಿಲುಗಳಿಂದಲೇ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಕಲಿಕೆಯ ಏಣಿಯೇ ಮುಖ್ಯ. ಹಾಗಾಗಿ ನಮ್ಮ ಮೇಷ್ಟ್ರುಗಳಿಗೆ ಮೆಟ್ಟಿಲು ಹೊಸದಲ್ಲ. ಹೊಸದು ಅಂದ್ರೆ, ನೋಡಿದ್ದನ್ನು ಅದೇ ದಿನ ತಾರೀಖು ಹಾಕಿ ಬರೆದಿಡೋದು.

ಓದಿಸುವಾಗ ಟೀಚರಮ್ಮನಿಗೆ ಒಂದು ವಿಷಯ ಕಣ್ಣಿಗೆ ಬಿತ್ತು. "ಬಸವ", "ಮರ" ಎಂದು ಸಲೀಸಾಗಿ ಓದುವ ಹುಡುಗ "ಅಜ್ಜ" ಬಂದಾಗ ನಿಲ್ಲುತ್ತಾನೆ. "ಕಲ್ಲು" ಎನ್ನುವುದನ್ನು "ಕಲು" ಎನ್ನುತ್ತಾನೆ. ಅಂದರೆ ಅವನ ಗಂಟು ಇರುವುದು ಒತ್ತಕ್ಷರದಲ್ಲಿ. ಇಲ್ಲಿಂದಲೇ ಅರ್ಜಿಯ ಬರವಣಿಗೆ ಶುರುವಾಗಬೇಕು. ಮೊದಲು ತೊಂದರೆ, ಆಮೇಲೆ ಉಪಾಯ. ನಮ್ಮವರು ಉಪಾಯವನ್ನಷ್ಟೇ ಬರೀತಾರೆ, ಅದು ಯಾವ ತೊಂದರೆಗೆ ಮದ್ದು ಅನ್ನೋದನ್ನು ಬಿಟ್ಟುಬಿಡ್ತಾರೆ.

ಉಪಾಯ ಏನಪ್ಪಾ ಅಂದರೆ ಲಗ್ನಪತ್ರಿಕೆ. ಹೌದು ಸ್ವಾಮಿ, ಮದುವೆ ಕರೆಯೋಲೆ. ಮನೆಯಲ್ಲಿ ಬಿದ್ದಿರುವ ಹಳೇ ಲಗ್ನಪತ್ರಿಕೆ, ಸೋಪಿನ ಕಾಗದ, ಬೀಜದ ಚೀಲದ ತುಂಡು ತರಲು ಮಕ್ಕಳಿಗೆ ಹೇಳಿದರು. ದಿನಾ ಪ್ರಾರ್ಥನೆ ಮುಗಿದ ಮೇಲೆ 20 ನಿಮಿಷ, ಇಬ್ಬಿಬ್ಬರು ಜೊತೆಯಾಗಿ ಕೂತು ಅದರಲ್ಲಿರುವ ಒತ್ತಕ್ಷರ ಹುಡುಕಿ ಗೆರೆ ಎಳೆಯಬೇಕು, ಜೋರಾಗಿ ಓದಬೇಕು, ಹೊಸ ಪದವನ್ನು ಗೋಡೆಯ ಪಟ್ಟಿಗೆ ಬರೆಯಬೇಕು. ಖರ್ಚು ಒಂದು ಮಾರ್ಕರ್ ಪೆನ್ನು, ನಾಲ್ಕು ಹಾಳೆ ಡ್ರಾಯಿಂಗ್ ಶೀಟು.

ಮೊದಲ ತಿಂಗಳು ಅದು ಕೆಡ್ತು. ಲಗ್ನಪತ್ರಿಕೆಯ ಭಾಷೆ ಗಟ್ಟಿ. "ಶುಭ ವಿವಾಹ ಮಹೋತ್ಸವ" ಎಂಬಲ್ಲೇ ಮಕ್ಕಳು ಸುಸ್ತು. ಮುಂದಿದ್ದ ಮಕ್ಕಳೇ ಎಲ್ಲ ಓದಿಬಿಟ್ಟು, ಜೊತೆಯಲ್ಲಿದ್ದವರು ಬಾಯಿ ಅಲ್ಲಾಡಿಸುತ್ತಾ ಕೂತರು. ಆಗ ಟೀಚರಮ್ಮ ಕ್ರಮ ಬದಲಿಸಿದರು. ಅಕ್ಕ, ಅಜ್ಜ, ಅಪ್ಪ, ಬೆಲ್ಲದಂತೆ ಒಂದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಬರುವ ಪದ ಮೊದಲು. ಬೇರೆ ಅಕ್ಷರದ ಒತ್ತು ಬರುವ ಬಸ್ತಿ, ಪುಸ್ತಕ, ಚಂದ್ರ ಆಮೇಲೆ. ಲಗ್ನಪತ್ರಿಕೆ ಕೊನೆಗೆ. ಜೊತೆಯಲ್ಲಿ ಹಿಂದಿರುವ ಮಗುವೇ ಮೊದಲು ಓದಬೇಕು ಎಂಬ ಕಟ್ಟಳೆ ಬೇರೆ. ಈ ಕೆಟ್ಟ ಕಥೆಯನ್ನೂ ಅರ್ಜಿಯಲ್ಲಿ ಬರೆಯಬೇಕು. ಅದನ್ನು ಬರೆದವರು ನಿಜಕ್ಕೂ ತರಗತಿಯಲ್ಲಿ ಇದ್ದರು ಎಂದು ಓದುವವರಿಗೆ ತಿಳಿಯುತ್ತದೆ. ಮೊದಲ ದಿನದಿಂದ ಎಲ್ಲವೂ ಸುಸೂತ್ರ ಎಂದು ಬರೆದವರ ಮೇಲೆ ನಮಗೆ ಅನುಮಾನ.

ಈಗ ಪುರಾವೆಯ ಮಾತು. ಇಲ್ಲಿಯೇ ಎಲ್ಲರೂ ಎಡವುವುದು. ಫೆಬ್ರವರಿಯಲ್ಲಿ ಅದೇ ಐದು ಮೆಟ್ಟಿಲಲ್ಲಿ ಮತ್ತೆ ಓದಿಸಬೇಕು. ಮೆಟ್ಟಿಲು ಅದೇ, ಪಾಠ ಬೇರೆ. ಜೂನ್‌ನಲ್ಲಿ ಕೊಟ್ಟ ಕಥೆಯನ್ನೇ ಕೊಟ್ಟರೆ ಮಗು ಬಾಯಿಪಾಠ ಒಪ್ಪಿಸುತ್ತದೆ. ಸಾಧ್ಯವಾದರೆ ಓದಿಸುವವರು ಟೀಚರಮ್ಮ ಅಲ್ಲ, ಸಿಆರ್‌ಪಿಯೋ ಪಕ್ಕದ ಶಾಲೆಯ ಮೇಷ್ಟ್ರೋ ಆಗಿರಲಿ. ನಮ್ಮ ಮಗು ಓದಲಿ ಎಂಬ ಆಸೆಯಿಂದ ನಾವೇ ಮೊದಲಕ್ಷರ ಎತ್ತಿಕೊಟ್ಟುಬಿಡುತ್ತೇವೆ. ಇದು ಮೋಸವಲ್ಲ, ಮನುಷ್ಯ ಸ್ವಭಾವ.

ಜೂನ್‌ನ 22 ಮಕ್ಕಳಲ್ಲಿ ಇಬ್ಬರು ಅಪ್ಪ ಅಮ್ಮನ ಜೊತೆ ಕೂಲಿಗೆ ಬೆಂಗಳೂರಿಗೆ ಹೋದರು. ದಸರಾ ಮುಗಿದ ಮೇಲೆ ಒಬ್ಬ ಹೊಸಬ ಬಂದ. ಲೆಕ್ಕ ಹಾಕಬೇಕಾದ್ದು ಎರಡೂ ಸಾರಿ ಓದಿದ 20 ಮಕ್ಕಳದ್ದು ಮಾತ್ರ. ಹೋದವರು ಹಿಂದುಳಿದವರಾಗಿದ್ದರೆ, ಅವರು ಹೋದದ್ದರಿಂದಲೇ ಕ್ಲಾಸು ಮುಂದೆ ಬಂದಂತೆ ಕಾಣುತ್ತದೆ. ಯಾರೂ ಏನೂ ಕಲಿಯದೆ ಬಂದ ಪ್ರಗತಿ ಅದು.

ಈ 20 ಮಕ್ಕಳಲ್ಲಿ ಜೂನ್‌ನಲ್ಲಿ ನಾಲ್ಕು ಸಾಲನ್ನಾದರೂ ಓದುತ್ತಿದ್ದವರು 6. ಫೆಬ್ರವರಿಯಲ್ಲಿ 15. ಅರ್ಜಿಯಲ್ಲಿ ಇದನ್ನು ಹೀಗೆಯೇ ಬರೆಯಿರಿ, 20ರಲ್ಲಿ 6, ಆಮೇಲೆ 15. "ಶೇಕಡಾ 150 ಪ್ರಗತಿ" ಎಂದು ಬರೆಯಬೇಡಿ. ಲೆಕ್ಕ ಸುಳ್ಳಲ್ಲ, ಆದರೆ ಪುಟ್ಟ ಕ್ಲಾಸಿಗೆ ಶೇಕಡಾವಾರು ದೊಡ್ಡ ರುಮಾಲು ಸುತ್ತಿದ ಹಾಗೆ.

ಉಳಿದ ಐದು ಮಕ್ಕಳು? ಅಕ್ಷರವೇ ಗೊತ್ತಿಲ್ಲದ ಮೂವರಲ್ಲಿ ಇಬ್ಬರು ಪದಕ್ಕೆ, ಒಬ್ಬಳು ಅಕ್ಷರಕ್ಕೆ ಬಂದರು. ಅಕ್ಷರದಲ್ಲಿದ್ದ ಇನ್ನೊಬ್ಬ ಪದಕ್ಕೆ ಬಂದ. ಕೊನೆಯವನು ಇದ್ದಲ್ಲೇ ಇದ್ದಾನೆ. ಹಾಜರಿ ಪುಸ್ತಕ ನೋಡಿದರೆ ಅವನು ಕುರಿ ಕಾಯಲು ಹೋಗಿ ಅರ್ಧ ವರ್ಷ ಶಾಲೆಗೇ ಬಂದಿಲ್ಲ. ಆ ಹುಡುಗನ ಬಗ್ಗೆ ಎರಡು ಸಾಲು ಬರೆದ ಅರ್ಜಿಯ ಮೇಲೆ ನಂಬಿಕೆ ಬರುತ್ತದೆ. ಹಾಗೆಯೇ ಜೂನ್‌ನಲ್ಲೇ ಕಥೆ ಓದುತ್ತಿದ್ದ ಇಬ್ಬರ ಬೆಳವಣಿಗೆ ಈ ಏಣಿಯಲ್ಲಿ ಕಾಣುವುದೇ ಇಲ್ಲ, ಅವರು ಆಗಲೇ ಮೇಲಿನ ಮೆಟ್ಟಿಲಲ್ಲಿದ್ದರು. ಅವರಿಗೆ ಬೇರೆ ಪುರಾವೆ ಬೇಕು. ಜೂನ್‌ನಲ್ಲಿ ಬರೆದ ಐದು ಸಾಲಿನ ಪತ್ರ, ಫೆಬ್ರವರಿಯಲ್ಲಿ ಬರೆದ ಒಂದು ಪುಟದ ಪತ್ರ, ತಾರೀಖಿನ ಸಮೇತ, ತಪ್ಪು ತಿದ್ದದೆ, ಒಂದರ ಪಕ್ಕ ಒಂದು.

ಕೊನೆಯದಾಗಿ ಒಂದು ತುಂಟ ಪ್ರಶ್ನೆ. ಎಂಟು ತಿಂಗಳು ಕಳೆದರೆ ಮಕ್ಕಳು ತಾವಾಗಿಯೇ ಸ್ವಲ್ಪ ಕಲಿಯುವುದಿಲ್ಲವೇ? ಖಂಡಿತ ಕಲಿಯುತ್ತವೆ. ಆದ್ದರಿಂದ ಹಿಂದಿನ ವರ್ಷದ ನಾಲ್ಕನೇ ಕ್ಲಾಸಿನ ಲೆಕ್ಕ ಪಕ್ಕದಲ್ಲಿ ಇಡಬೇಕು. ಲಗ್ನಪತ್ರಿಕೆಯ ಆಟ ಇಲ್ಲದ ಆ ವರ್ಷ 18 ಮಕ್ಕಳಲ್ಲಿ ಓದುವವರು 5ರಿಂದ 9 ಆಗಿದ್ದರು ಅನ್ನಿ. ಆ ವರ್ಷ ಹೆಚ್ಚಿದ್ದು 4, ಈ ವರ್ಷ 9. ಇಷ್ಟರಿಂದ ಎಲ್ಲವೂ ಆ ಆಟದ ಮಹಿಮೆ ಎಂದು ಸಾಬೀತಾಗುವುದಿಲ್ಲ, ಈ ವರ್ಷದ ಮಕ್ಕಳೇ ಚುರುಕು ಇರಬಹುದು. ಆದರೆ ಏನೋ ನಡೆದಿದೆ ಎಂದು ಹೇಳುವಷ್ಟು ಧೈರ್ಯ ಬರುತ್ತದೆ. ಅಷ್ಟೇ ಹೇಳಿ. ಅದಕ್ಕಿಂತ ಹೆಚ್ಚು ಹೇಳಬೇಡಿ.

ಇನ್ನು ಆಯ್ಕೆ ಸಮಿತಿಯವರಿಗೆ ಒಂದು ಮಾತು. ಇಂಥ ಅರ್ಜಿ ಮೂರು ಹಾಳೆಯದು, ತೆಳ್ಳಗಿರುತ್ತದೆ. ದಪ್ಪ ಫೈಲುಗಳ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಎಳೆದು ಓದಿ. ನಂಬಿಕೆ ಬಾರದಿದ್ದರೆ ಜೀಪು ಹತ್ತಿ ಶಾಲೆಗೇ ಹೋಗಿ. ಪಟ್ಟಿಯಲ್ಲಿ ಮಧ್ಯದಲ್ಲಿರುವ ಮೂರು ಮಕ್ಕಳನ್ನು ನೀವೇ ಆರಿಸಿ, ಅಂದಿನ ಪತ್ರಿಕೆಯ ಒಂದು ಸುದ್ದಿ ಓದಿಸಿ. ಹತ್ತು ನಿಮಿಷದಲ್ಲಿ ಸತ್ಯ ಹೊರಗೆ ಬರುತ್ತದೆ.

ನಮ್ಮ ಪತ್ರಿಕೆಯನ್ನೇ ಓದಿಸಿದರೂ ಅಡ್ಡಿಯಿಲ್ಲ, ಇದರಲ್ಲಿ ಒತ್ತಕ್ಷರಕ್ಕೇನೂ ಬರವಿಲ್ಲ. ಮೇಷ್ಟ್ರ ಫೈಲಿನಲ್ಲಿ ನಮ್ಮ ಕಟಿಂಗು ಸೇರುವುದಕ್ಕಿಂತ ಅವರ ಮಕ್ಕಳ ಬಾಯಲ್ಲಿ ನಮ್ಮ ಸುದ್ದಿ ತಪ್ಪಿಲ್ಲದೆ ಬರುವುದೇ ನಮಗೆ ಹೆಚ್ಚಿನ ಸನ್ಮಾನ.