ಒಂದೇ ಅಕ್ಷರ, ಎರಡು ತೊಟ್ಟಿಲು

ನಮ್ಮ ಅಕ್ಕಗ ಅವಳಿ-ಜವಳಿ ಆದವು. ಮೊದಲು ಮಗಳು, ಎರಡು ನಿಮಿಷದ ಮ್ಯಾಲೆ ಮಗ. ಸಾಫ್ಟ್‌ವೇರ್‌ನಲ್ಲಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ಹೆಸರು ಹುಡುಕೋ ಕೆಲಸ ಸೋದರಮಾವನಾದ ನನ್ನ ತಲೆಗೆ ಬಿತ್ತು. "ನೀ ಹೆಂಗೂ ಕಂಪ್ಯೂಟರ್ ಮುಂದ ಕುಂತಿರ್ತಿಯಲ್ಲಪಾ, ಎರಡು ಚಂದನ ಹೆಸರು ತಗದು ಕೊಡು" ಅಂದಳು ಅವ್ವ. ಮಕ್ಕಳನ್ನು ತೊಟ್ಟಿಲಿಗೆ ಹಾಕೋದು ಹದಿಮೂರನೇ ದಿನ. ಕೈಯಲ್ಲಿ ಹತ್ತು ದಿನ ಇದ್ದವು.

ಎರಡೂ ಹೆಸರು ಒಂದೇ ಅಕ್ಷರದಿಂದ ಶುರುವಾಗಬೇಕು ಅನ್ನೋದು ಬರೀ ಫ್ಯಾಶನ್ ಅಂದುಕೊಂಡಿದ್ದೆ. ಪಂಚಾಂಗ ನೋಡಿದ ಮೇಲೆ ಅದರ ಹಿಂದಿನ ಲೆಕ್ಕ ಗೊತ್ತಾಯ್ತು. ಚಂದ್ರ 27 ನಕ್ಷತ್ರ ಸುತ್ತೋಕೆ ಸುಮಾರು 27 ದಿನ ತಗೋತಾನೆ, ಅಂದ್ರೆ ಒಂದು ನಕ್ಷತ್ರಕ್ಕೆ ಹೆಚ್ಚುಕಡಿಮೆ ಒಂದು ದಿನ. ಒಂದೊಂದು ನಕ್ಷತ್ರಕ್ಕೂ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಹಾಗಾಗಿ ಒಂದು ಅಕ್ಷರ ಸುಮಾರು 6 ತಾಸು ನಡೆಯುತ್ತದೆ. ಎರಡು ನಿಮಿಷದ ಅಂತರದಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಅಕ್ಷರ ಬರಬೇಕಾದರೆ ಪಾದ ಬದಲಾಗೋ ಹೊತ್ತಿಗೇ ಹುಟ್ಟಬೇಕು. ನಮ್ಮವರದು ಅನುರಾಧಾ ನಕ್ಷತ್ರ, ಎರಡನೇ ಪಾದ, ಅಕ್ಷರ 'ನಿ'. ನಾವೇನೋ ಪುಣ್ಯವಂತರು. ಆರ್ದ್ರಾ ನಕ್ಷತ್ರದ ಮೂರನೇ ಪಾದಕ್ಕೆ ಬರೋ ಅಕ್ಷರ 'ಙ'. ಅದರಿಂದ ಒಂದು ಹೆಸರು ಹುಡುಕಿ ನೋಡ್ರಿ, ಎರಡಂತೂ ದೂರ ಉಳೀತು. ಅದಕ್ಕೇ ಎಷ್ಟೋ ಮನೆಗಳಲ್ಲಿ ನಕ್ಷತ್ರದ ಹೆಸರನ್ನು ಕಿವಿಯಲ್ಲಿ ಹೇಳಿ ಮುಗಿಸಿ, ಕರೆಯೋಕೆ ಬೇರೆ ಹೆಸರು ಇಡ್ತಾರೆ.

ಮೊದಲ ಸಲಹೆ ಭಾವನ ಆಫೀಸಿನಿಂದ ಬಂತು: ನಿಶಾ, ನಿಶಾಂತ. ಕೇಳೋಕೆ ಜೋಡಿ. ಅರ್ಥ ಬಿಡಿಸಿದರೆ ನಿಶಾ ಅಂದ್ರೆ ರಾತ್ರಿ, ನಿಶಾಂತ ಅಂದ್ರೆ ರಾತ್ರಿಯ ಅಂತ್ಯ. ಅಕ್ಕನ ಹೆಸರಿಗೆ ತಮ್ಮನ ಹೆಸರೇ ಫುಲ್‌ಸ್ಟಾಪ್! ಸೇರಿದ ಅರ್ಥ ಬೇಕು, ಒಂದನ್ನೊಂದು ಮುಗಿಸೋ ಅರ್ಥ ಬೇಡ ಅಂತ ಬಿಟ್ಟೆವು.

ಹೆಸರಿನ ವೆಬ್‌ಸೈಟುಗಳ ಕಷ್ಟ ಬೇರೆ. ಅಲ್ಲಿ ಅಕ್ಷರದ ಪ್ರಕಾರ ಪಟ್ಟಿ ಸಿಗ್ತದೆ, ಆದರೆ ಅರ್ಥ ಕೇಳಿದರೆ ಅರ್ಧಕ್ಕರ್ಧ ಹೆಸರಿಗೆ 'ದೇವರ ಕೊಡುಗೆ' ಅಂತಲೇ ಇರ್ತದೆ. ನಮ್ಮ ಓಣಿಯಲ್ಲಿ ರಿಟೈರ್ ಆದ ಸಂಸ್ಕೃತ ಮಾಸ್ತರರು ಇದ್ದಾರೆ. ಅವರು, "ಅಕ್ಷರದಿಂದ ಶುರು ಮಾಡಬ್ಯಾಡೋ, ಅರ್ಥದಿಂದ ಮಾಡು. ಅಮರಕೋಶ ಇರೋದ ಅದಕ್ಕ" ಅಂದರು. ಅಮರಸಿಂಹ ಶಬ್ದಗಳನ್ನು ಅರ್ಥದ ಗುಂಪು ಮಾಡಿ ಇಟ್ಟಿದ್ದಾನೆ. ಚಂದ್ರನ ಹೆಸರೆಲ್ಲ ಒಂದು ಕಡೆ, ನದಿಯ ಹೆಸರೆಲ್ಲ ಒಂದು ಕಡೆ. ಬೇಕಾದ ಗುಂಪಿಗೆ ಹೋಗಿ ನಮ್ಮ ಅಕ್ಷರದವು ಎಷ್ಟಿವೆ ನೋಡಿದರಾಯ್ತು. ಹಿಮದ ಗುಂಪು ತಗೊಳ್ಳಿ: ತುಷಾರ, ತುಹಿನ ಅಕ್ಕಪಕ್ಕದಲ್ಲೇ ಇವೆ. ವಿಶಾಖಾ ಎರಡನೇ ಪಾದದಲ್ಲಿ, 'ತು' ಅಕ್ಷರಕ್ಕೆ, ಅವಳಿ ಹುಟ್ಟಿದವರ ಕೆಲಸ ಅಲ್ಲಿಗೇ ಮುಗೀತು.

ಆದರೆ ಕೋಶದ ಅರ್ಥವೇ ಬೇರೆ, ಬಾಯಿಮಾತಿನ ಅರ್ಥವೇ ಬೇರೆ. ಮಿಂಚಿನ ಗುಂಪಿನಲ್ಲಿ ಚಂಚಲಾ, ಚಪಲಾ ಅಂತ ಎರಡಿವೆ. ಅಕ್ಷರ ಹೊಂದ್ತದೆ, ಅರ್ಥವೂ ಹೊಂದ್ತದೆ. ಆದರೆ ಕನ್ನಡದ ಮನೆಯಲ್ಲಿ ಒಬ್ಬಳ ಮನಸ್ಸು ನಿಲ್ಲೋದಿಲ್ಲ, ಇನ್ನೊಬ್ಬಳಿಗೆ ಬಾಯಿ ಚಪಲ! ಅದಕ್ಕೆ ಕಿಟೆಲ್ ನಿಘಂಟನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದು ಹೋದ ಪಾದ್ರಿ ಅವರು. 1894ರ ಆ ನಿಘಂಟಿನಲ್ಲಿ ಸಂಸ್ಕೃತದ ಪದ ಕನ್ನಡಕ್ಕೆ ಬಂದು ಏನಾಯ್ತು ಅನ್ನೋದು ಸಿಗ್ತದೆ.

'ನಿ'ಗೆ ನೀರಿನ ಕಡೆ ಹೋದೆವು ('ನಿ', 'ನೀ' ಎರಡೂ ನಡೀತಾವೆ). ಅಕ್ಕನಿಗೆ ನೀರಜಾ, ನೀರದ ಭಾಳ ಹಿಡಿಸಿದವು. ನೀರಜಾ ನೀರಿನಿಂದ ಹುಟ್ಟಿದ ತಾವರೆ, ನೀರದ ನೀರು ಕೊಡೋ ಮೋಡ. ಇಷ್ಟು ಚಂದದ ಜೋಡಿಗೆ ನಾನೇ ಅಡ್ಡ ಬಂದೆ.

ನನ್ನ ನೌಕರಿಯೇ ಗ್ರಾಹಕರ ಡೇಟಾದಲ್ಲಿ ಡುಪ್ಲಿಕೇಟ್ ಹಿಡಿಯೋದು. ಹುಟ್ಟಿದ ದಿನ ಒಂದೇ, ಅಪ್ಪನ ಹೆಸರು ಒಂದೇ, ವಿಳಾಸ ಒಂದೇ, ಫೋನ್ ನಂಬರೂ ಒಂದೇ ಅಂದರೆ ಪ್ರೋಗ್ರಾಮಿಗೆ ಉಳಿಯೋ ಸುಳಿವು ಹೆಸರು ಮಾತ್ರ. ಗಂಡು-ಹೆಣ್ಣು ಕಾಲಮ್ಮು ಇರ್ತದೆ, ಆದರೆ ಎಷ್ಟೋ ಸಲ ಖಾಲಿ ಇಲ್ಲಾ ತಪ್ಪು. ಒಂದು ಹೆಸರನ್ನು ಇನ್ನೊಂದು ಮಾಡೋಕೆ ಎಷ್ಟು ಅಕ್ಷರ ತಿದ್ದಬೇಕು ಅಂತ ಪ್ರೋಗ್ರಾಮು ಎಣಿಸ್ತದೆ. `Neeraja` ಮತ್ತು `Neerad` ನಡುವೆ ಎರಡೇ ತಿದ್ದುಪಡಿ. ಕೊನೆಯ `a` ಬಿಟ್ಟು `Neeraj` ಅಂತ ಬರೆದರೆ ಒಂದೇ. ಅಷ್ಟು ಕಡಿಮೆ ಬಂದರೆ 'ಟೈಪಿಂಗ್ ತಪ್ಪು, ಇಬ್ಬರೂ ಒಬ್ಬರೇ' ಅಂತ ಎರಡು ದಾಖಲೆ ಒಂದಾಗೋ ಸಾಧ್ಯತೆ ಇದೆ. ಅಕ್ಕ ಸಿಟ್ಟಾದಳು: "ನನ್ನ ಮಕ್ಕಳು ನಿನ್ನ ಡೇಟಾಬೇಸ್ ಅಲ್ಲೋ."

ಅವಳ ಮನಸ್ಸು ಬದಲಿಸಿದ್ದು ನನ್ನ ಲೆಕ್ಕ ಅಲ್ಲ, ಆಯಿ. "ಹೊರಗ ಆಡಾಕ ಹ್ವಾದಾಗ ಏನಂತ ಕರೀತೀರಿ? ಅಕಿ ನೀರಿ, ಇಂವ ನೀರ್ಯಾ. ಒದರಿದ್ರ ಇಬ್ರೂ ಬರ್ತಾವ, ಇಲ್ಲಾ ಇಬ್ರೂ ಬರೂದಿಲ್ಲ" ಅಂದಳು. ಖರೇನೇ. ಬಸವರಾಜನೂ ಬಸ್ಯಾ, ಬಸಪ್ಪನೂ ಬಸ್ಯಾ ಆಗೋ ಊರು ನಮ್ಮದು. ಮೊದಲ ಎರಡು ಅಕ್ಷರ ಹಿಡಿದು ಉಳಿದದ್ದನ್ನು ಒಗೆದುಬಿಡ್ತೀವಿ. ಹಾಗಾಗಿ ಅವಳಿಗೆ ಹೆಸರಿಡುವಾಗ ಮೊದಲ ಅಕ್ಷರ ಒಂದೇ ಇರಲಿ, ಎರಡನೆಯದು ಬೇರೆಯೇ ಆಗಿರಬೇಕು. ಮಾಳಿಗೆ ಮೇಲೆ ನಿಂತು ಎರಡೂ ಹೆಸರನ್ನು ಕೂಗಿ, ಕೆಳಗಿರೋರಿಗೆ ಯಾರನ್ನು ಕರೆದಿರಿ ಅಂತ ಕೇಳಿದರೆ ತಿಳೀತದೆ. ನಾವು ಮಾಡಿ ನೋಡಿದೆವು. ಬಾಜೂ ಮನಿಯವರು ಹೊರಗೆ ಬಂದರು.

ನೀರದ ಉಳೀತು. ಅದರ ಜೋಡಿಗೆ ಹಿಮದ ಗುಂಪಿನ 'ನೀಹಾರ'ದಿಂದ ನಿಹಾರಿಕಾ ಬಂತು, ಅಂದ್ರೆ ಮಂಜು. ಒಂದು ಮೋಡ, ಒಂದು ಮಂಜು. ಒಂದೇ ನೀರು, ಒಂದು ಮೇಲೆ, ಒಂದು ನೆಲದ ಹತ್ತಿರ. ಧಾರವಾಡದ ಮಳೆಗಾಲದಲ್ಲಿ ಎರಡನ್ನೂ ಬಾಗಿಲಲ್ಲೇ ನಿಂತು ನೋಡಬಹುದು. `Neerad`, `Niharika` ನಡುವೆ ಆರು ತಿದ್ದುಪಡಿ. ಮಾಸ್ತರರು ಮಾತ್ರ ನಕ್ಕರು. 'ರದ' ಅಂದರೆ ಹಲ್ಲು. 'ನಿರ್' ಜೊತೆ 'ರದ' ಸಂಧಿಯಾದರೂ ನೀರದ ಅಂತಲೇ ಆಗ್ತದೆ, ಹಲ್ಲಿಲ್ಲದವ! "ಸದ್ಯಕ್ಕ ಅದೂ ಖರೇನ ಐತಿ, ಇಡ್ರಿ" ಅಂದರು.

ಜನನ ಪತ್ರದ ಗಡಿಬಿಡಿ ಅವಶ್ಯವಿಲ್ಲ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿಲ್ಲದೇ ಆಗ್ತದೆ. ನೋಂದಣಿಯಾದ ಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೇ ಹೆಸರು ಸೇರಿಸಬಹುದು. ಅವಳಿಯಲ್ಲಿ ಎಡವಟ್ಟಾಗೋದು ಇಲ್ಲೇ. ಇಬ್ಬರಿಗೂ ಬೇರೆ ಬೇರೆ ನೋಂದಣಿ ಸಂಖ್ಯೆ ಇರ್ತದೆ, ಹೆಸರು ಅದಲುಬದಲಾದರೆ ಮಗಳ ಹೆಸರು ಮಗನ ಪತ್ರದ ಮೇಲೆ ಕೂರ್ತದೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆಯಿಂದ ಹಿಡಿದು ಆಧಾರ್‌ವರೆಗೂ ಆ ಪತ್ರವೇ ಹುಟ್ಟಿದ ದಿನದ ಪುರಾವೆ. ಭಾವ ಅರ್ಜಿ ಬರೆಯುವಾಗ ನಾನು ಪಕ್ಕದಲ್ಲಿ ಕೂತು ಸಂಖ್ಯೆ, ಲಿಂಗ ಎರಡೂ ತಾಳೆ ನೋಡಿದೆ.

ಹದಿಮೂರನೇ ದಿನ ಭಾವನ ತಂಗಿ, ಮಕ್ಕಳ ಅತ್ತಿ, ಒಂದೊಂದು ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳಿದಳು. ಪ್ರತಿ ಹೆಸರಿಗೂ ಹೆಣ್ಣುಮಕ್ಕಳು ಅಕಿ ಬೆನ್ನಿಗೆ ಗುದ್ದಿದರು, ಅವಳಿ ಅಂತ ಡಬಲ್. ಗುಗ್ಗರಿ ಹಂಚಿದ್ದಾಯ್ತು. ಈಗ ಎರಡು ತಿಂಗಳು. ಅಷ್ಟೆಲ್ಲ ತಕರಾರು ತೆಗೆದ ಆಯಿ ಇಬ್ಬರನ್ನೂ ಕರೆಯೋದು 'ದೊಡ್ಡದು', 'ಸಣ್ಣದು' ಅಂತ.