ಲೆಕ್ಕದ ಪುಸ್ತಕದಲ್ಲಿ ‘ಫ.ಬಾ.’ ಯಾರು?



ಉಳಿತಾಯದ ಸಂಘ ನಡೆಸುವವರಿಗೆ ಪ್ರತಿ ವಾರವೂ ಎಲ್ಲರ ಪೂರ್ತಿ ಹೆಸರು ಬರೆಯುವಷ್ಟು ವ್ಯವಧಾನವಿರುವುದಿಲ್ಲ. ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ಮುಂದೆ ಹಣ ಗುರುತಿಸುತ್ತಾರೆ. ಆ ಗುರುತು ಇಬ್ಬರಿಗೆ ಹೊಂದಿದರೆ ಒಬ್ಬಳ ಕಂತು ಇನ್ನೊಬ್ಬಳ ಲೆಕ್ಕಕ್ಕೆ ಸೇರುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನ್‌ನ ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತ ಹೇಳುತ್ತದೆ. ಬರೆದದ್ದು ಯಾರದೆಂದೇ ತಿಳಿಯದಿದ್ದರೆ ಬರೆದು ಫಲವೇನು?

ಮೊದಲು, ಗುರುತನ್ನು ಕನ್ನಡದಲ್ಲೇ ಮಾಡಿ. ‘ದುರ್ಗಾಸ್ತಮಾನ’ ಬರೆದ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ನಮಗೆಲ್ಲ ತ.ರಾ.ಸು. ಊರು, ತಂದೆ, ತಾನು ಎಂಬ ಮೂರು ಭಾಗಗಳಿಂದ ಒಂದೊಂದು ಅಕ್ಷರ. ಇಂಗ್ಲಿಷಿನ ಒಂದು ‘ಎಫ್’ನಲ್ಲಿ ಫ, ಫಾ, ಫಿ ಎಲ್ಲವೂ ಅಡಗುತ್ತವೆ. ಕನ್ನಡದಲ್ಲಿ ಸ್ವರವೂ ಉಳಿಯುತ್ತದೆ.

ಈಗ ಒಂದು ಸಂಘದಲ್ಲಿ ನಾಲ್ವರಿದ್ದಾರೆ ಎಂದಿಟ್ಟುಕೊಳ್ಳಿ: ಚಿತ್ರದುರ್ಗದ ಫಾತಿಮಾ ಬಾನು, ಹಿರಿಯೂರಿನ ಫರೀದಾ ಬೇಗಂ, ಹೊಸದುರ್ಗದ ಫರೀದಾ ಬಾನು, ಹೊಳಲ್ಕೆರೆಯ ಫರ್ಜಾನಾ ಬಾನು. ಇಂಗ್ಲಿಷಿನಲ್ಲಿ ನಾಲ್ವರೂ ‘ಎಫ್.ಬಿ.’. ಕನ್ನಡದಲ್ಲಿ ಫಾ.ಬಾ., ಫ.ಬೇ., ಫ.ಬಾ., ಫ.ಬಾ. ಕೊನೆಯ ಇಬ್ಬರು ಇನ್ನೂ ಒಂದೇ. ನಮ್ಮ ಮನೆಗಳಲ್ಲಿ ಬಾನು, ಬೇಗಂ, ಬೀ ಎಲ್ಲೆಡೆ ಇರುವುದರಿಂದ ಎರಡನೆಯ ಭಾಗ ಹೆಚ್ಚು ವ್ಯತ್ಯಾಸ ತೋರಿಸುವುದಿಲ್ಲ.

ಆದ್ದರಿಂದ ಎರಡೇ ಭಾಗದ ಹೆಸರಿಗೆ ಮೂರನೆಯದಾಗಿ ಊರನ್ನು ಸೇರಿಸಿ. ಇಲ್ಲೂ ಎಚ್ಚರ ಬೇಕು. ಹೊಸದುರ್ಗ, ಹೊಳಲ್ಕೆರೆ ಎರಡಕ್ಕೂ ಮೊದಲಕ್ಷರ ‘ಹೊ’. ಈ ಎರಡು ಊರುಗಳಿಗೆ ಎರಡಕ್ಷರ ತೆಗೆದುಕೊಳ್ಳಿ: ಚಿ, ಹಿ, ಹೊಸ, ಹೊಳ. ಆಗ ‘ಫ.ಬಾ.ಹೊಸ’ ಬೇರೆ, ‘ಫ.ಬಾ.ಹೊಳ’ ಬೇರೆ. ಒಂದೇ ಊರಿನವರಲ್ಲೇ ಗೊಂದಲ ಬಂದರೆ ಮೊದಲ ಹೆಸರಿನಿಂದ ಎರಡಕ್ಷರ: ‘ಫರೀ’, ‘ಫರ್ಜಾ’. ಗೊಂದಲವಾದವರಿಗೆ ಮಾತ್ರವಲ್ಲ, ಎಲ್ಲರಿಗೂ ಆರಂಭದಿಂದಲೇ ಊರು ಸೇರಿಸಿ. ಇಲ್ಲವಾದರೆ ಹಳೆಯ ಪುಟದ ಬರೀ ‘ಫ.ಬಾ.’ ಯಾರೆಂದು ಮತ್ತೆ ಹುಡುಕಬೇಕಾಗುತ್ತದೆ.

ಸೈಯದಾ ಆಯಿಷಾ ಬಾನು ಎಂಬಂತೆ ಮೂರು ಭಾಗವಿದ್ದರೆ ಮೂರರದ್ದೂ ಬರೆಯಿರಿ: ಸೈ.ಆ.ಬಾ. ಭಾಗಗಳ ಕ್ರಮವೂ ಕಾಗುಣಿತವೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿರುವಂತೆಯೇ ಇರಲಿ. ಒಬ್ಬರು ‘ಝೈನಬ್’ ಎಂದೂ ಇನ್ನೊಬ್ಬರು ‘ಜೈನಬ್’ ಎಂದೂ ಬರೆದರೆ ಒಬ್ಬಳೇ ಸದಸ್ಯೆ ಇಬ್ಬರಾಗುತ್ತಾಳೆ.

ಗುರುತಿನಿಂದ ಹೆಸರನ್ನು ಊಹಿಸಲಾಗದು. ಕೆ.ಎಸ್. ನಿಸಾರ್ ಅಹಮದ್ ಅವರ ‘ಕೆ’ ಕೊಕ್ಕರೆ ಹೊಸಹಳ್ಳಿ, ‘ಎಸ್’ ಶೇಖ್ ಹೈದರ್ ಎಂದು ಹೇಳದೆ ಯಾರಿಗೆ ತಿಳಿದೀತು? ಹಾಗಾಗಿ ಪುಸ್ತಕದ ಮೊದಲ ಪುಟದಲ್ಲಿ ಪ್ರತಿ ಗುರುತಿನ ಎದುರು ಪೂರ್ತಿ ಹೆಸರು ಬರೆದು ಸದಸ್ಯೆಯ ಸಹಿ ಪಡೆಯಿರಿ. ಸಂಘ ಬಿಟ್ಟವಳ ಗುರುತನ್ನು ಹೊಸಬಳಿಗೆ ಕೊಡಬೇಡಿ. ಕೊಟ್ಟರೆ ಹಳೆಯವಳ ಬಾಕಿ ಹೊಸಬಳ ತಲೆಗೆ ಬರುತ್ತದೆ.